ಎಸ್‌ಎಸ್‌ಡಿ ಹಾಕಿದರೂ ಗೇಮ್ ಲೋಡ್ ಆಗೋದು ತಡವೇ? ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬಂದವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಹೇಳುತ್ತಾರೆ. ಒಂದು, "ಅಬ್ಬಾ, ಕಂಪ್ಯೂಟರೇ ಬದಲಾದ ಹಾಗಿದೆ." ಇನ್ನೊಂದು, "ವಿಂಡೋಸ್ ಏನೋ ಬೇಗ ಬರುತ್ತೆ, ಆದರೆ ಗೇಮ್ ಮಾತ್ರ ಮೊದಲಿನ ಹಾಗೇ." ಈ ಬರಹ ಎರಡನೆಯವರಿಗೆ. ಸಾಟಾ ಎಸ್‌ಎಸ್‌ಡಿಯಿಂದ ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹೋಗಿ, ಕೊಟ್ಟ ದುಡ್ಡಿಗೆ ತಕ್ಕ ವ್ಯತ್ಯಾಸ ಕಾಣದೆ ತಲೆ ಕೆರೆದುಕೊಳ್ಳುತ್ತಿರುವವರಿಗೂ ಹೌದು. ವಿಂಡೋಸ್ 10 ಅಥವಾ 11 ಇರುವ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ದುಡ್ಡು ಬೇಡದ, ಸ್ಕ್ರೂ ಬಿಚ್ಚದ ಪರೀಕ್ಷೆಗಳು ಮೊದಲು ಬರುತ್ತವೆ.

## ಮೊದಲಿಗೆ: ನಿಮ್ಮನ್ನು ಕಾಯಿಸುತ್ತಿರುವುದು ಯಾವುದು?

ಲೋಡಿಂಗ್ ಪರದೆಯ ಹಿಂದೆ ಕನಿಷ್ಠ ಮೂರು ಕೆಲಸ ನಡೆಯುತ್ತಿರುತ್ತವೆ. ಡಿಸ್ಕ್‌ನಿಂದ ಫೈಲ್ ಓದುವುದು ಒಂದು. ಆ ಫೈಲ್‌ಗಳು ಕುಗ್ಗಿಸಿಟ್ಟ ರೂಪದಲ್ಲಿರುವುದರಿಂದ ಅವನ್ನು ಬಿಡಿಸಿ ಹಿಗ್ಗಿಸುವುದು ಎರಡನೆಯದು. ಬಹುಪಾಲು ಗೇಮ್‌ಗಳಲ್ಲಿ ಇದು ಪ್ರೊಸೆಸರ್‌ನ ಪಾಲು. ಬಿಡಿಸಿದ್ದನ್ನು ಜೋಡಿಸಿ, ಮನೆ-ಮರ-ಮನುಷ್ಯರನ್ನು ಅವರವರ ಜಾಗದಲ್ಲಿ ನಿಲ್ಲಿಸಿ, ಬೇಕಾದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಕಳಿಸುವುದು ಮೂರನೆಯದು. ಎಸ್‌ಎಸ್‌ಡಿ ಚುರುಕಾಗಿಸುವುದು ಮೊದಲನೆಯದನ್ನು ಮಾತ್ರ.

ಹಾರ್ಡ್ ಡಿಸ್ಕ್‌ನ ಕಷ್ಟ ಅದರ ಎಂಬಿ ಲೆಕ್ಕದಲ್ಲಿ ಕಾಣುವುದಿಲ್ಲ. ಸಾಲಾಗಿ ಓದಿದರೆ ಅದು ಸೆಕೆಂಡಿಗೆ 150 ಎಂಬಿ ಆಸುಪಾಸು ಕೊಡುತ್ತದೆ, ಅದೇನೂ ತೀರಾ ಕಡಿಮೆಯಲ್ಲ. ಆದರೆ ಬೇಕಾದ ತುಣುಕು ತಟ್ಟೆಯ ಬೇರೆ ಕಡೆ ಇದ್ದರೆ ಓದುವ ಹೆಡ್ ಅಲ್ಲಿಗೆ ಸರಿಯಬೇಕು, ಆ ಜಾಗ ತಿರುಗಿ ಬರುವವರೆಗೂ ಕಾಯಬೇಕು. ನಿಮಿಷಕ್ಕೆ 7200 ಸುತ್ತು ಸುತ್ತುವ ಡಿಸ್ಕ್‌ಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್, ಸರಾಸರಿ ಅರ್ಧ ಸುತ್ತು ಕಾಯುವುದು, ಅದರ ಮೇಲೆ ಹೆಡ್ ಸರಿಯುವ ಹೊತ್ತು ಸೇರಿ ಒಂದೊಂದು ನೆಗೆತಕ್ಕೆ ಸುಮಾರು 12 ಮಿಲಿಸೆಕೆಂಡ್ ಹಿಡಿಯುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ 5400 ಸುತ್ತಿನ ಡಿಸ್ಕ್ ಇನ್ನೂ ನಿಧಾನ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲದ ಕಾರಣ ಈ ನೆಗೆತ 0.1 ಮಿಲಿಸೆಕೆಂಡ್‌ಗೆ ಇಳಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಗೇಮ್‌ನ ಸೇವ್ ತೆರೆಯಲು 3 ಜಿಬಿ ಓದಬೇಕು, ಅದು 4,000 ಕಡೆ ಚದುರಿದೆ, ಬಿಡಿಸಿ ಜೋಡಿಸಲು ಪ್ರೊಸೆಸರ್‌ಗೆ 14 ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಹಾರ್ಡ್ ಡಿಸ್ಕ್‌ನಲ್ಲಿ ಓದಲು 20 ಸೆಕೆಂಡ್, ನೆಗೆತಗಳಿಗೆ 48 ಸೆಕೆಂಡ್, ಪ್ರೊಸೆಸರ್‌ನ 14 ಸೇರಿ ಒಟ್ಟು 82 ಸೆಕೆಂಡ್. ಸೆಕೆಂಡಿಗೆ 500 ಎಂಬಿ ಕೊಡುವ ಸಾಟಾ ಎಸ್‌ಎಸ್‌ಡಿಯಲ್ಲಿ ಓದಲು 6 ಸೆಕೆಂಡ್, ನೆಗೆತಕ್ಕೆ ಅರ್ಧ ಸೆಕೆಂಡೂ ಇಲ್ಲ, ಒಟ್ಟು 20ರ ಹತ್ತಿರ. ಸೆಕೆಂಡಿಗೆ 3,500 ಎಂಬಿ ಕೊಡುವ ಎನ್‌ವಿಎಂಇಯಲ್ಲಿ ಓದು ಒಂದು ಸೆಕೆಂಡಿನೊಳಗೆ ಮುಗಿದರೂ ಒಟ್ಟು 15ರಲ್ಲಿ ನಿಲ್ಲುತ್ತದೆ. ಏಳು ಪಟ್ಟು ವೇಗದ ಡಿಸ್ಕ್‌ಗೆ ದುಡ್ಡು ಕೊಟ್ಟವರ ಕೈಗೆ ಸಿಕ್ಕಿದ್ದು ಐದು ಸೆಕೆಂಡ್! ಓದುವುದನ್ನೂ ಬಿಡಿಸುವುದನ್ನೂ ಜೊತೆಜೊತೆಗೇ ಮಾಡುವ ಗೇಮ್ ಆದರೆ ಆ ಐದು ಸೆಕೆಂಡೂ ಸಿಗದೆ ಹೋಗಬಹುದು. ಉಳಿದ ಆ 14 ಸೆಕೆಂಡ್ ಯಾರದ್ದು ಎಂಬುದೇ ಈ ಇಡೀ ಬರಹದ ಹುಡುಕಾಟ.

ಅಳೆಯುವಾಗ ಒಂದು ಎಚ್ಚರ ಬೇಕು. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ವಿಂಡೋಸ್ ತಣ್ಣಗಾಗಲು ಎರಡು ನಿಮಿಷ ಬಿಟ್ಟು, ಆಮೇಲೆ ಫೋನಿನ ಸ್ಟಾಪ್‌ವಾಚ್ ಹಿಡಿದು ಒಂದೇ ಸೇವ್ ಫೈಲ್ ತೆರೆಯಿರಿ. ಆಟದಿಂದ ಹೊರಬಂದು ತಕ್ಷಣ ಮತ್ತೆ ತೆರೆದರೆ ವಿಂಡೋಸ್ ಆಗಲೇ ಓದಿದ್ದನ್ನು ರ‍್ಯಾಮ್‌ನಿಂದಲೇ ಕೊಡುತ್ತದೆ. ಆಗ ಹಾರ್ಡ್ ಡಿಸ್ಕ್ ಕೂಡ ಎಸ್‌ಎಸ್‌ಡಿಯ ಹಾಗೆ ಕಾಣುತ್ತದೆ. "ಎರಡೂ ಒಂದೇ" ಎಂದು ವಾದಿಸುವ ವೀಡಿಯೊಗಳಲ್ಲಿ ಕೆಲವು ಹುಟ್ಟುವುದೇ ಹೀಗೆ.

ಅಳೆಯುವ ಹೊತ್ತಿನಲ್ಲೇ ಗೇಮ್ ಅನ್ನು ಬಾರ್ಡರ್‌ಲೆಸ್ ವಿಂಡೋದಲ್ಲಿ ಇಟ್ಟುಕೊಂಡು `Ctrl+Shift+Esc` ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. `Performance` ಪುಟದಲ್ಲಿ ಗೇಮ್ ಇರುವ ಡಿಸ್ಕ್ ಆರಿಸಿ, `Active time` ಮತ್ತು `Read speed` ಎರಡನ್ನೂ ನೋಡಿ. `Active time` 100ರ ಹತ್ತಿರ ಅಂಟಿಕೊಂಡು, ಓದುವ ವೇಗ ಸೆಕೆಂಡಿಗೆ ಹತ್ತೋ ಇಪ್ಪತ್ತೋ ಎಂಬಿ ಇದ್ದರೆ ಡಿಸ್ಕ್ ನೆಗೆತದಲ್ಲೇ ಸುಸ್ತಾಗುತ್ತಿದೆ ಎಂದರ್ಥ. `Active time` ಕೆಳಗೇ ಇದ್ದು ಲೋಡಿಂಗ್ ಪರದೆ ಮಾತ್ರ ನಿಂತಿದ್ದರೆ, ಡಿಸ್ಕ್‌ನ ಮೇಲೆ ತಪ್ಪು ಹೊರಿಸಬೇಡಿ. ಮುಂದಿನ ಭಾಗಗಳಲ್ಲಿ ಎಲ್ಲಿಗೆ ಹೋಗಬೇಕು ಎಂಬುದು ಈ ಒಂದು ನೋಟದಿಂದಲೇ ತೀರ್ಮಾನವಾಗುತ್ತದೆ.

## "ಎಸ್‌ಎಸ್‌ಡಿ ಹಾಕಿಸಿದೆ, ಏನೂ ಬದಲಾಗಲಿಲ್ಲ"

ನಗಬೇಡಿ, ಮೊದಲು ನೋಡಬೇಕಾದದ್ದು ಗೇಮ್ ನಿಜಕ್ಕೂ ಎಸ್‌ಎಸ್‌ಡಿಯಲ್ಲಿದೆಯೇ ಎಂಬುದನ್ನು. ಅಂಗಡಿಯಲ್ಲಿ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಅನ್ನು `C:`ಗೆ ಏರಿಸಿ, ಹಳೆಯ ಹಾರ್ಡ್ ಡಿಸ್ಕ್ ಅನ್ನು `D:` ಮಾಡಿ ಕೊಡುತ್ತಾರೆ. ಗೇಮ್‌ಗಳು ಮೊದಲಿಂದಲೂ `D:`ಯಲ್ಲಿರುತ್ತವೆ, ಅಲ್ಲೇ ಉಳಿಯುತ್ತವೆ. ಸ್ಟೀಮ್‌ನಲ್ಲಿ ಆ ಗೇಮ್ ಮೇಲೆ ಬಲ ಕ್ಲಿಕ್ ಮಾಡಿ `Properties`, ಅಲ್ಲಿಂದ `Installed Files`ಗೆ ಹೋದರೆ ಯಾವ ಡ್ರೈವ್ ಎಂದು ಕಾಣುತ್ತದೆ. `Move install folder` ಒತ್ತಿದರೆ ಮತ್ತೆ ಡೌನ್‌ಲೋಡ್ ಮಾಡದೆ ಆಚೆಗೆ ಸಾಗಿಸಬಹುದು. ಯಾವ ಡ್ರೈವ್ ಯಾವ ಜಾತಿಯದು ಎಂಬ ಅನುಮಾನವಿದ್ದರೆ ಟಾಸ್ಕ್ ಮ್ಯಾನೇಜರ್‌ನ ಎಡಪಟ್ಟಿಯಲ್ಲಿ ಅದರ ಹೆಸರಿನ ಕೆಳಗೇ `HDD` ಅಥವಾ `SSD` ಎಂದು ಬರೆದಿರುತ್ತದೆ.

ಗೇಮ್ ಎಸ್‌ಎಸ್‌ಡಿಯಲ್ಲೇ ಇದೆ ಎಂದಾದರೆ ಅದು ಯಾವ ದಾರಿಯಲ್ಲಿ ಜೋಡಿಸಿಕೊಂಡಿದೆ ನೋಡಬೇಕು. ಇದಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ `Transfer Mode` ಎಂಬ ಸಾಲಿನಲ್ಲಿ ಎರಡು ಬೆಲೆಗಳಿರುತ್ತವೆ: ಈಗ ನಡೆಯುತ್ತಿರುವ ವೇಗ ಎಡಕ್ಕೆ, ಡಿಸ್ಕ್‌ಗೆ ಸಾಧ್ಯವಿರುವ ವೇಗ ಬಲಕ್ಕೆ. `SATA/600 | SATA/600` ಎಂದಿದ್ದರೆ ಸರಿ. `SATA/300 | SATA/600` ಎಂದಿದ್ದರೆ ಎಸ್‌ಎಸ್‌ಡಿ ಅರ್ಧ ಅಗಲದ ದಾರಿಯಲ್ಲಿ ಕೂತಿದೆ: ಹಳೆಯ ಮದರ್‌ಬೋರ್ಡ್ ಇರಬಹುದು, ಇಲ್ಲವೇ ಅದೇ ಬೋರ್ಡಿನ ನಿಧಾನದ ಪೋರ್ಟ್‌ಗೆ ಕೇಬಲ್ ಸಿಕ್ಕಿಸಿರಬಹುದು. ಪೋರ್ಟ್ ಬದಲಿಸಿ ನೋಡಿ. ಬೋರ್ಡೇ ಹಳೆಯದಾದರೆ ಇದಕ್ಕಾಗಿ ಹೊಸ ಬೋರ್ಡ್ ಕೊಳ್ಳಬೇಡಿ ಎಂದು ನಾನು ಹೇಳುತ್ತೇನೆ. ಮೇಲಿನ ಲೆಕ್ಕದಲ್ಲಿ 48 ಸೆಕೆಂಡ್ ತಿಂದಿದ್ದು ನೆಗೆತ. ಆ ಲಾಭ ಅರ್ಧ ಅಗಲದ ದಾರಿಯಲ್ಲೂ ಪೂರ್ತಿ ಸಿಗುತ್ತದೆ.

ಅದೇ ತಂತ್ರಾಂಶದ ಪಟ್ಟಿಯಲ್ಲಿ `C7` ಎಂಬ ಸಾಲು ಇದ್ದರೆ ಅದರ ಎಣಿಕೆಯನ್ನು ಬರೆದಿಟ್ಟುಕೊಂಡು ಒಂದು ವಾರ ಬಿಟ್ಟು ಮತ್ತೆ ನೋಡಿ. ಏರುತ್ತಿದ್ದರೆ ಬಹುಪಾಲು ಡಿಸ್ಕ್ ಚೆನ್ನಾಗಿಯೇ ಇದೆ, ಕೇಬಲ್ ಕೆಟ್ಟಿದೆ: ಕಳಿಸಿದ ಮಾಹಿತಿ ದಾರಿಯಲ್ಲಿ ಹಾಳಾಗಿ ಮತ್ತೆ ಮತ್ತೆ ಕಳಿಸಬೇಕಾಗುತ್ತಿದೆ. ಹೊಸ ಎಸ್‌ಎಸ್‌ಡಿ ಕೊಳ್ಳುವ ಮುನ್ನ ಹೊಸ ಸಾಟಾ ಕೇಬಲ್ ಹಾಕಿ ನೋಡುವುದು ತೀರಾ ಅಗ್ಗದ ಪರಿಹಾರ. ಎಣಿಕೆ ಹಳೆಯದೇ ಆಗಿದ್ದು ಏರದಿದ್ದರೆ ಬಿಟ್ಟುಬಿಡಿ, ಅದು ಸೊನ್ನೆಗೆ ಮರಳುವುದಿಲ್ಲ.

ಯುಎಸ್‌ಬಿಯಲ್ಲಿ ಹೊರಗಿಂದ ಎಸ್‌ಎಸ್‌ಡಿ ಜೋಡಿಸಿ ಆಡುವವರು ಅದನ್ನು ಯುಎಸ್‌ಬಿ 2.0 ಪೋರ್ಟ್‌ಗೆ ಚುಚ್ಚಿದ್ದರೆ ಸೆಕೆಂಡಿಗೆ 40 ಎಂಬಿ ದಾಟುವುದಿಲ್ಲ. ಪಕ್ಕದ ಪೋರ್ಟ್‌ಗೆ ಹಾಕಿದರೆ ಕಥೆಯೇ ಬೇರೆಯಾಗಬಹುದು. ಡೆಸ್ಕ್‌ಟಾಪ್‌ಗಳಲ್ಲಿ ಹಿಂಬದಿಯ ಪೋರ್ಟ್‌ಗಳನ್ನೇ ಬಳಸಿ.

ಇನ್ನೊಂದು ಗೊಂದಲ, ಎಂ.2 ಎಂಬ ಹೆಸರಿನದು. ಎಂ.2 ಎಂದರೆ ಚೂಯಿಂಗ್ ಗಮ್ ಪಟ್ಟಿಯಂಥ ಆ ಆಕಾರ, ವೇಗ ಅಲ್ಲ. ಆ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಆನ್‌ಲೈನ್‌ನಲ್ಲೋ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ "ಎಂ.2 ಕೊಡಿ" ಎಂದಷ್ಟೇ ಕೇಳಿ ಅಗ್ಗದ್ದನ್ನು ತಂದಿದ್ದರೆ ಸಾಟಾ ಬಂದಿರುವ ಸಾಧ್ಯತೆ ಇದೆ, `Transfer Mode` ಸಾಲಿನಲ್ಲಿ `PCIe` ಎಂಬ ಹೆಸರು ಇಲ್ಲದಿದ್ದರೆ ಅದು ಸಾಟಾ. ಹಾರ್ಡ್ ಡಿಸ್ಕ್‌ನಿಂದ ಬಂದವರಿಗೆ ಇದೇನೂ ನಷ್ಟವಲ್ಲ. ಎನ್‌ವಿಎಂಇಯಿಂದ ಗೇಮ್ ಬೇಗ ಲೋಡ್ ಮಾಡಲು ಮೈಕ್ರೋಸಾಫ್ಟ್ ತಂದ, ಮುಂದೆ ವಿವರಿಸುವ ಡೈರೆಕ್ಟ್‌ಸ್ಟೋರೇಜ್‌ಗಾಗಿ ಕೊಂಡವರಿಗೆ ನಷ್ಟ.

## "ಹೊಸ ಗೇಮ್, ಮೊದಲ ಸಲ ಮಾತ್ರ ಎಷ್ಟು ಹೊತ್ತಾದರೂ ಮುಗಿಯೋದಿಲ್ಲ"

ಇದು ಬಹುಪಾಲು ಶೇಡರ್ ತಯಾರಿ. ಬೆಳಕು, ನೆರಳು, ನೀರಿನ ಹೊಳಪು ಇವನ್ನೆಲ್ಲ ಪರದೆಯ ಮೇಲೆ ಹೇಗೆ ಚಿತ್ರಿಸಬೇಕು ಎಂಬ ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ನಿಮ್ಮದೇ ಗ್ರಾಫಿಕ್ಸ್ ಕಾರ್ಡಿಗೆ, ನಿಮ್ಮದೇ ಡ್ರೈವರಿಗೆ ತಕ್ಕಂತೆ ಅಲ್ಲೇ ಸಿದ್ಧ ಮಾಡಿಕೊಳ್ಳುವ ಕೆಲಸ ಅದು. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ 'ದ ಲಾಸ್ಟ್ ಆಫ್ ಅಸ್ ಪಾರ್ಟ್ 1' ಈ ಕಾಯಿಸುವಿಕೆಗೇ ಬೈಸಿಕೊಂಡಿತ್ತು. ಆಗ ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್‌ನ ಎಲ್ಲ ಕೋರ್‌ಗಳೂ ದುಡಿಯುತ್ತಿರುತ್ತವೆ, ಡಿಸ್ಕ್ ಸುಮ್ಮನಿರುತ್ತದೆ. ನಡುವೆ ಗೇಮ್ ಮುಚ್ಚದೆ ಒಮ್ಮೆ ಪೂರ್ತಿ ಮುಗಿಯಲು ಬಿಡಿ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ಇದೇ ಕೆಲಸ ಮತ್ತೆ ನಡೆಯುವುದೂ ಸಹಜ.

ಪ್ರತಿ ಸಲ ತೆರೆದಾಗಲೂ ಹೀಗಾಗುತ್ತಿದ್ದರೆ ಮಾತ್ರ ತೊಂದರೆ. ಸಿದ್ಧವಾದದ್ದು ಉಳಿಯುತ್ತಿಲ್ಲ ಎಂದು ತಿಳಿಯಬೇಕು. `C:` ತುಂಬಿದೆಯೇ, "ಕಂಪ್ಯೂಟರ್ ಸ್ವಚ್ಛ ಮಾಡುತ್ತೇನೆ" ಎನ್ನುವ ಯಾವುದಾದರೂ ತಂತ್ರಾಂಶ ದಿನಾ ಬಂದು ಅದನ್ನು ಗುಡಿಸಿ ಹಾಕುತ್ತಿದೆಯೇ ನೋಡಿ. ಅಂಥ ತಂತ್ರಾಂಶವನ್ನು ತೆಗೆದುಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

## "ಡಿಸ್ಕ್ ಸುಮ್ಮನೆ ಕೂತಿದೆ, ಲೋಡಿಂಗ್ ಮಾತ್ರ ನಡೆಯುತ್ತಲೇ ಇದೆ"

ಇಲ್ಲಿ ಕಾಯಿಸುತ್ತಿರುವುದು ಪ್ರೊಸೆಸರ್, ಇಲ್ಲವೇ ಇಂಟರ್ನೆಟ್‌ನ ಆಚೆ ಬದಿಯ ಸರ್ವರ್. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ಬಲ ಕ್ಲಿಕ್ ಮಾಡಿ `Change graph to`, ಆಮೇಲೆ `Logical processors` ಆರಿಸಿ. ಒಟ್ಟು ಬಳಕೆ ಶೇ 13 ಎಂದು ತೋರಿಸಿದರೂ ಎಂಟು ಚೌಕಗಳಲ್ಲಿ ಒಂದು ಮೇಲಕ್ಕೆ ಹೋಗಿ ಅಂಟಿಕೊಂಡಿರಬಹುದು. ಆ ಶೇ 13 ಎಂದರೆ ಎಂಟರಲ್ಲಿ ಒಂದು ಪೂರ್ತಿ ತುಂಬಿದೆ ಎಂದೇ ಅರ್ಥ. ಕೆಲಸವನ್ನು ಹಂಚಿ ಮಾಡಲು ಬಾರದ ಗೇಮ್ ಅದು.

ಇದಕ್ಕೆ 'ಜಿಟಿಎ ಆನ್‌ಲೈನ್'ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವರ್ಷಗಟ್ಟಲೆ ಜನ ಅದರ ಲೋಡಿಂಗ್ ಪರದೆ ನೋಡುತ್ತಾ ಚಹಾ ಮಾಡಿಕೊಂಡು ಬಂದರು, ಎಸ್‌ಎಸ್‌ಡಿ ಹಾಕಿದರು, ಆದರೂ ನಿಮಿಷಗಳು ಕರಗಲಿಲ್ಲ. 2021ರ ಆರಂಭದಲ್ಲಿ ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಕಂಪ್ಯೂಟರ್‌ನಲ್ಲಿ ಆರು ನಿಮಿಷ ಹಿಡಿಯುತ್ತಿದ್ದ ಈ ಲೋಡಿಂಗ್ ಅನ್ನು ಬಗೆದು ನೋಡಿದರು. ಗೇಮ್‌ನೊಳಗೆ ಕೊಳ್ಳಬಹುದಾದ ವಸ್ತುಗಳ ಪಟ್ಟಿ ಸುಮಾರು 10 ಎಂಬಿಯ ಒಂದು ಪಠ್ಯ ಫೈಲ್ ಆಗಿತ್ತು. ಅದರಿಂದ ಒಂದೊಂದು ಪದ ಎತ್ತಿಕೊಳ್ಳುವಾಗಲೂ ಪ್ರೋಗ್ರಾಂ ಫೈಲ್‌ನ ಕೊನೆಯವರೆಗೂ ಹೋಗಿ ಉದ್ದ ಅಳೆಯುತ್ತಿತ್ತು. ಆಮೇಲೆ ಪಟ್ಟಿಯ 63,000 ವಸ್ತುಗಳಲ್ಲಿ ಪ್ರತಿಯೊಂದನ್ನೂ "ಇದು ಈಗಾಗಲೇ ಬಂದಿದೆಯೇ" ಎಂದು ಹಿಂದಿನ ಎಲ್ಲವುಗಳ ಜೊತೆ ಹೋಲಿಸುತ್ತಿತ್ತು. ಈ ಎರಡನ್ನು ಸರಿಪಡಿಸಿದ ಮೇಲೆ ಅವರ ಲೋಡಿಂಗ್ 1 ನಿಮಿಷ 50 ಸೆಕೆಂಡ್‌ಗೆ ಇಳಿಯಿತು. ರಾಕ್‌ಸ್ಟಾರ್ ಕಂಪನಿ ಅದನ್ನು ಒಪ್ಪಿ, ಅದೇ ಮಾರ್ಚ್‌ನಲ್ಲಿ ಅಪ್‌ಡೇಟ್ ಬಿಟ್ಟು, ಅವರಿಗೆ 10,000 ಡಾಲರ್ ಬಹುಮಾನ ಕೊಟ್ಟಿತು. ಹತ್ತು ಎಂಬಿ ಓದಲು ಹಾರ್ಡ್ ಡಿಸ್ಕ್‌ಗೂ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಕಾಯಿಸಿದ್ದು ಅದರ ಮೇಲಿನ ವ್ಯರ್ಥ ದುಡಿಮೆ.

'ಹೆಲ್‌ಡೈವರ್ಸ್ 2' ಇದೇ ಮಾತನ್ನು ಇನ್ನೊಂದು ತುದಿಯಿಂದ ತೋರಿಸಿತು. ಹಾರ್ಡ್ ಡಿಸ್ಕ್‌ನವರಿಗೆ ನೆಗೆತ ಕಡಿಮೆಯಾಗಲಿ ಎಂದು ಅದರ ಪಿಸಿ ಆವೃತ್ತಿಯಲ್ಲಿ ಒಂದೇ ಫೈಲ್‌ನ ಪ್ರತಿಗಳನ್ನು ಹಲವು ಕಡೆ ಇಟ್ಟಿದ್ದರು, ಹಾಗಾಗಿ ಗೇಮ್ 150 ಜಿಬಿ ದಾಟಿತ್ತು. 2025ರ ಕೊನೆಯಲ್ಲಿ ಆ ಪ್ರತಿಗಳನ್ನು ತೆಗೆದು 23 ಜಿಬಿಗೆ ತಂದರು. ಹಾರ್ಡ್ ಡಿಸ್ಕ್‌ನವರಿಗೂ ಕೆಲವೇ ಸೆಕೆಂಡ್ ವ್ಯತ್ಯಾಸವಾಯಿತು, ಏಕೆಂದರೆ ಅಲ್ಲಿ ಹೊತ್ತು ಹಿಡಿಯುವುದು ಓದುವುದಕ್ಕಿಂತ ಹೆಚ್ಚಾಗಿ ಆಟದ ನೆಲವನ್ನು ಅಲ್ಲಲ್ಲೇ ರಚಿಸುವ ಕೆಲಸಕ್ಕೆ.

ನಿಮ್ಮ ಕೈಯಲ್ಲಿ ಏನಿದೆ? ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಪವರ್ ಮೋಡ್ ಅನ್ನು `Best performance`ಗೆ ತನ್ನಿ; ಬ್ಯಾಟರಿಯಲ್ಲಿ ಪ್ರೊಸೆಸರ್ ಮಂದವಾಗಿ ಓಡುತ್ತದೆ. ಮಾಡ್‌ಗಳನ್ನು ಹಾಕಿದ್ದರೆ ಎಲ್ಲವನ್ನೂ ಒಮ್ಮೆ ತೆಗೆದು ಅಳೆಯಿರಿ. ರ‍್ಯಾಮ್ ಪುಟದಲ್ಲಿ ಶೇ 95ರ ಮೇಲೆ ತುಂಬಿದ್ದರೆ ವಿಂಡೋಸ್ ಮಾಹಿತಿಯನ್ನು ಡಿಸ್ಕ್‌ಗೆ ಸಾಗಿಸಿ ವಾಪಸ್ ತರುವುದರಲ್ಲೇ ಮುಳುಗಿರುತ್ತದೆ. ಬ್ರೌಸರ್ ಮುಚ್ಚಿ ನೋಡಿ, ಆಗ ಸುಧಾರಿಸಿದರೆ ನಿಮಗೆ ಬೇಕಿರುವುದು ರ‍್ಯಾಮ್. `Processes` ಪುಟದಲ್ಲಿ `Antimalware Service Executable` ಮೇಲಿದ್ದರೆ ವೈರಸ್ ತಪಾಸಣೆ ಪ್ರತಿ ಫೈಲನ್ನೂ ತಡೆದು ನೋಡುತ್ತಿದೆ. ಗೇಮ್ ಫೋಲ್ಡರ್ ಒಂದನ್ನೇ ಅದರಿಂದ ಹೊರಗಿಡಬಹುದು, ಆದರೆ ಸ್ಟೀಮ್‌ನಂಥ ನೇರ ಮೂಲದಿಂದ ಬಂದ ಗೇಮ್ ಆದರೆ ಮಾತ್ರ. ಕ್ರ್ಯಾಕ್ ಮಾಡಿದ್ದೋ, ಎಲ್ಲಿಂದಲೋ ಬಂದ ಮಾಡ್ ಇರುವ ಫೋಲ್ಡರೋ ಆದರೆ ಬೇಡ. ತಪಾಸಣೆಯನ್ನು ಪೂರ್ತಿ ಆರಿಸುವುದಂತೂ ಬೇಡವೇ ಬೇಡ.

## "ಡೈರೆಕ್ಟ್‌ಸ್ಟೋರೇಜ್ ಇರುವ ಗೇಮ್, ಎನ್‌ವಿಎಂಇ ಕೂಡ ಇದೆ, ಆದರೂ ಕಾಯಬೇಕು"

ಮೊದಲ ಲೆಕ್ಕದಲ್ಲಿ ಪ್ರೊಸೆಸರ್ ತಿಂದ ಆ 14 ಸೆಕೆಂಡ್‌ಗೆ ಕೈ ಹಾಕಲು ಬಂದದ್ದೇ ಡೈರೆಕ್ಟ್‌ಸ್ಟೋರೇಜ್. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಸೆಕೆಂಡಿಗೆ 5.5 ಜಿಬಿ ಓದುವ ಎಸ್‌ಎಸ್‌ಡಿಯ ಜೊತೆಗೇ, ಕುಗ್ಗಿಸಿದ್ದನ್ನು ಬಿಡಿಸಲೆಂದೇ ಪ್ರತ್ಯೇಕ ಯಂತ್ರಾಂಶ ಕೂಡಿಸಿದ್ದರು. ಅದೇ ತಿಂಗಳ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲೂ ಅಂಥದ್ದೇ ಏರ್ಪಾಡಿತ್ತು. ಪಿಸಿಯಲ್ಲಿ ಅಂಥ ಯಂತ್ರಾಂಶವಿಲ್ಲ. ಬದಲಿಗೆ ಮೈಕ್ರೋಸಾಫ್ಟ್ ಎರಡು ಹೆಜ್ಜೆ ಇಟ್ಟಿತು. 2022ರ ಮಾರ್ಚ್‌ನ ಮೊದಲ ಆವೃತ್ತಿ, ಗೇಮ್ ಕೇಳುವ ಸಾವಿರಾರು ಸಣ್ಣ ಕೋರಿಕೆಗಳನ್ನು ಗುಂಪಾಗಿ ಎನ್‌ವಿಎಂಇಗೆ ದಾಟಿಸಿ, ಒಂದೊಂದು ಕೋರಿಕೆಗೂ ಪ್ರೊಸೆಸರ್ ಪಡುತ್ತಿದ್ದ ಶ್ರಮ ಕಡಿಮೆ ಮಾಡಿತು. ಅದೇ ವರ್ಷದ ನವೆಂಬರ್‌ನ 1.1 ಆವೃತ್ತಿ, ಬಿಡಿಸುವ ಕೆಲಸವನ್ನೇ ಗ್ರಾಫಿಕ್ಸ್ ಕಾರ್ಡಿಗೆ ವಹಿಸಲು ದಾರಿ ಮಾಡಿತು.

ಇಲ್ಲೇ ಹೆಚ್ಚಿನವರು ಎಡವುವುದು: ಇದು ನೀವು ಆನ್ ಮಾಡುವ ಸ್ವಿಚ್ ಅಲ್ಲ. ಗೇಮ್ ಬರೆದವರು ಇದಕ್ಕಾಗಿಯೇ ಬರೆದಿರಬೇಕು, ಫೈಲ್‌ಗಳನ್ನೂ ಅದಕ್ಕೆ ತಕ್ಕ ರೀತಿಯಲ್ಲಿ ಕುಗ್ಗಿಸಿರಬೇಕು. 2023ರ ಜನವರಿಯ 'ಫರ್‌ಸ್ಪೋಕನ್' ಪಿಸಿಯಲ್ಲಿ ಇದನ್ನು ಬಳಸಿದ ಮೊದಲ ಗೇಮ್, ಆದರೆ ಅದು ಬಿಡಿಸುವ ಕೆಲಸವನ್ನು ಪ್ರೊಸೆಸರ್‌ಗೇ ಬಿಟ್ಟಿತ್ತು. ಅದೇ ಜುಲೈನಲ್ಲಿ ಬಂದ 'ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್' ಗ್ರಾಫಿಕ್ಸ್ ಕಾರ್ಡಿನಿಂದ ಬಿಡಿಸಿತು. ಒಂದು ಲೋಕದಿಂದ ಇನ್ನೊಂದಕ್ಕೆ ಕ್ಷಣಾರ್ಧದಲ್ಲಿ ಹಾರುವುದೇ ಅದರ ಆಟ. ಹಾರ್ಡ್ ಡಿಸ್ಕ್‌ನಲ್ಲಿ ಅದು ನಡೆಯದೇ ಇರುವುದಿಲ್ಲ, ಆದರೆ ಹಾರುವ ನಡುವೆ ನಾಯಕ ಗಾಳಿಯಲ್ಲೇ ತೇಲುತ್ತಾ ಕಾಯುತ್ತಾನೆ.

ಗೇಮ್‌ಗೆ ಇದು ಗೊತ್ತೇ ಎಂದು ತಿಳಿಯಲು ಅದರ ಫೋಲ್ಡರ್‌ನಲ್ಲಿ `dstorage.dll` ಮತ್ತು `dstoragecore.dll` ಎಂಬ ಫೈಲ್‌ಗಳಿವೆಯೇ ಹುಡುಕಿ. ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ನಿಮ್ಮ ಕಂಪ್ಯೂಟರ್‌ನಲ್ಲಿ ಏನೂ ದೋಷವಿಲ್ಲ. ಬೇರೆ ಗೇಮ್‌ನಿಂದ ತಂದು ಹಾಕಿದರೆ ಏನೂ ಲಾಭವಿಲ್ಲ, ಆನ್‌ಲೈನ್ ಗೇಮ್ ಆದರೆ ಮೋಸ ತಡೆಯುವ ತಂತ್ರಾಂಶದ ಕಣ್ಣಿಗೆ ಬಿದ್ದು ಖಾತೆಗೇ ಕುತ್ತು ಬರಬಹುದು.

ಫೈಲ್‌ಗಳಿದ್ದರೆ `Win+G` ಒತ್ತಿ, ಗೇಮ್ ಬಾರ್‌ನ `Settings`ನಲ್ಲಿ `Gaming features` ತೆರೆಯಿರಿ. ಗ್ರಾಫಿಕ್ಸ್ ಕಾರ್ಡ್, ವಿಂಡೋಸ್, ಒಂದೊಂದು ಡ್ರೈವ್ ಇವೆಲ್ಲ ಡೈರೆಕ್ಟ್‌ಸ್ಟೋರೇಜ್‌ಗೆ ಹೊಂದುತ್ತವೆಯೇ ಎಂದು ಅಲ್ಲಿ ಪಟ್ಟಿ ಇರುತ್ತದೆ. ಗೇಮ್ ಇರುವ ಡ್ರೈವನ್ನೇ ನೋಡಿ, `C:` ಅನ್ನಲ್ಲ. ವಿಂಡೋಸ್ 10ರಲ್ಲೂ ಇದು ಕೆಲಸ ಮಾಡುತ್ತದೆ, ಆದರೆ ಡಿಸ್ಕ್‌ವರೆಗಿನ ದಾರಿಯನ್ನು ಹಗುರ ಮಾಡುವ ಬೈಪಾಸ್‌ಐಒ ಎಂಬ ಏರ್ಪಾಡು ಇರುವುದು ವಿಂಡೋಸ್ 11ರಲ್ಲಿ. ಅದು ತೆರೆದಿದೆಯೇ ಎಂದು ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೇಳಬಹುದು:

```
fsutil bypassio state D:\
```

`supported` ಎಂಬ ಉತ್ತರ ಬಂದರೆ ದಾರಿ ಸಲೀಸು. ಇಲ್ಲವೆಂದು ಬಂದರೆ ಅದರ ಜೊತೆಗೇ ಯಾವ ಡ್ರೈವರ್ ಅಡ್ಡ ನಿಂತಿದೆ ಎಂಬ ಸುಳಿವೂ ಇರುತ್ತದೆ. ಹೆಚ್ಚಾಗಿ ಅದು ಡಿಸ್ಕ್ ಮೇಲೆ ಕಣ್ಣಿಡುವ ಯಾವುದೋ ಬ್ಯಾಕಪ್ ಅಥವಾ ಭದ್ರತಾ ತಂತ್ರಾಂಶ. ಅದನ್ನು ಅಪ್‌ಡೇಟ್ ಮಾಡಿ ನೋಡಿ. ಎಲ್ಲವೂ ಸರಿ ಎಂದು ತೋರಿಸಿದ ಮೇಲೂ ಹತ್ತು ಸೆಕೆಂಡ್ ಹಿಡಿದರೆ ಆ ಗೇಮ್ ಇರುವುದೇ ಹಾಗೆ. ನೆಲ ಕಟ್ಟುವುದು, ಪಾತ್ರಗಳನ್ನು ನಿಲ್ಲಿಸುವುದು ಇವು ಇವತ್ತಿಗೂ ಪ್ರೊಸೆಸರ್‌ನ ಪಾಲೇ. ಬಿಡಿಸುವ ಹೊರೆಯನ್ನು ಹೊತ್ತ ಗ್ರಾಫಿಕ್ಸ್ ಕಾರ್ಡಿಗೂ ಅದು ಬಿಟ್ಟಿ ಕೆಲಸವಲ್ಲ: ಲೋಡಿಂಗ್ ಪರದೆಯಲ್ಲಿ ಅದು ಖಾಲಿ ಕೂತಿರುವುದರಿಂದ ತೊಂದರೆ ಕಾಣದು, ಆಟ ಓಡುತ್ತಿರುವಾಗ ಸಣ್ಣ ಕಾರ್ಡಿಗೆ ಫ್ರೇಮ್ ಇಳಿಯಬಹುದು.

## "ಬೇಗ ಲೋಡ್ ಆಗುತ್ತೆ, ಆಡುವಾಗ ತಡೆತಡೆದು ನಿಲ್ಲುತ್ತೆ"

ಗೋಡೆಗಳು ಮೊದಲು ಮಸುಕಾಗಿ ಬಂದು ಆಮೇಲೆ ತಿಳಿಯಾಗುವುದು, ಗಾಡಿ ಜೋರಾಗಿ ಓಡಿಸಿದಾಗ ರಸ್ತೆ ತಡವಾಗಿ ಮೂಡುವುದು ಹಾರ್ಡ್ ಡಿಸ್ಕ್‌ನ ನೇರ ಗುರುತು. 2023ರಿಂದೀಚೆಗೆ 'ಸೈಬರ್‌ಪಂಕ್ 2077', 'ಸ್ಟಾರ್‌ಫೀಲ್ಡ್'ನಂಥವು ಕನಿಷ್ಠ ಅಗತ್ಯದಲ್ಲೇ ಎಸ್‌ಎಸ್‌ಡಿ ಎಂದು ಬರೆದದ್ದು ಇದಕ್ಕೇ. 'ಬಾಲ್ಡರ್ಸ್ ಗೇಟ್ 3'ರಲ್ಲಿ ಹಾರ್ಡ್ ಡಿಸ್ಕ್‌ನವರಿಗಾಗಿ `Slow HDD Mode` ಎಂಬ ಆಯ್ಕೆ ಇದೆ, ಎಸ್‌ಎಸ್‌ಡಿ ಕೊಳ್ಳುವವರೆಗೆ ಅದನ್ನು ಹಾಕಿಕೊಳ್ಳಿ.

ಎಸ್‌ಎಸ್‌ಡಿಯಲ್ಲೂ ಹೀಗಾದರೆ ಮೊದಲು ಟೆಕ್ಸ್‌ಚರ್ ಗುಣಮಟ್ಟ ಒಂದು ಹಂತ ಇಳಿಸಿ. ಸರಿಹೋದರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲುತ್ತಿರಲಿಲ್ಲ, ಅಷ್ಟೇ. ಆಮೇಲೆ ಎಸ್‌ಎಸ್‌ಡಿಯಲ್ಲಿ ಎಷ್ಟು ಜಾಗ ಖಾಲಿ ಇದೆ ನೋಡಿ, ಶೇ 10ರಿಂದ 15ರಷ್ಟು ಬಿಡುವುದು ಒಳ್ಳೆಯದು. ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ನಡೆಯುತ್ತಿದೆಯೇ ಎಂದು ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೇಳಿ:

```
fsutil behavior query DisableDeleteNotify
```

ಉತ್ತರ 0 ಇದ್ದರೆ ಟ್ರಿಮ್ ನಡೆಯುತ್ತಿದೆ. ಹಾರ್ಡ್ ಡಿಸ್ಕ್‌ಗೆ ಮಾಡುತ್ತಿದ್ದ ಹಾಗೆ ಬೇರೆ ತಂತ್ರಾಂಶ ತಂದು ಎಸ್‌ಎಸ್‌ಡಿಯನ್ನು ಡಿಫ್ರ್ಯಾಗ್ ಮಾಡಬೇಡಿ. ನೆಗೆತವೇ ಪುಕ್ಕಟೆಯಾದ ಕಡೆ ತುಣುಕು ಜೋಡಿಸಿ ಏನೂ ಗಳಿಸುವುದಿಲ್ಲ, ಬರೆಯುವ ಆಯುಷ್ಯ ಮಾತ್ರ ಸವೆಯುತ್ತದೆ.

ಬಿಸಿಯ ಬಗ್ಗೆ ಅಂಗಡಿಗಳಲ್ಲಿ ಹೇಳುವಷ್ಟು ಹೆದರಬೇಕಿಲ್ಲ. ಎನ್‌ವಿಎಂಇ ಸಾಮಾನ್ಯವಾಗಿ 70–80 ಡಿಗ್ರಿಯ ಆಸುಪಾಸಿನಲ್ಲಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ನಿಜ. ಆದರೆ ಗೇಮ್ ಲೋಡಿಂಗ್ ಕೆಲವೇ ಸೆಕೆಂಡ್‌ಗಳ ಓದು, ಅಷ್ಟರಲ್ಲಿ ಅದು ಅಷ್ಟು ಬಿಸಿಯಾಗುವುದು ಅಪರೂಪ. ನೂರು ಜಿಬಿಯ ಗೇಮ್ ನಕಲಿಸುವಾಗ ವೇಗ ಸೆಕೆಂಡಿಗೆ ನೂರು ಎಂಬಿಗೆ ಕುಸಿದರೂ ಗಾಬರಿ ಬೇಡ: ಅಗ್ಗದ ಎಸ್‌ಎಸ್‌ಡಿಗಳಲ್ಲಿ ಬೇಗ ಬರೆಯುವ ಸಣ್ಣ ಭಾಗ ತುಂಬಿದ ಮೇಲೆ ಹೀಗೇ ಆಗುತ್ತದೆ. ಅದು ಬರೆಯುವ ತೊಂದರೆ, ಓದುವುದಕ್ಕೆ ಸಂಬಂಧವಿಲ್ಲ. ಆಡುತ್ತಿರುವಾಗಲೇ 80 ಡಿಗ್ರಿ ದಾಟುತ್ತಿದ್ದರೆ ಮಾತ್ರ ಹೀಟ್‌ಸಿಂಕ್ ನೋಡಿ. ಅದರ ಅಡಿಯ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿಯದೆ ಹಾಗೇ ಕೂರಿಸಿರುವುದು ಆಗಾಗ ಕಾಣುವ ತಪ್ಪು.

## ಪೆಟ್ಟಿಗೆ ಬಿಚ್ಚುವುದಾದರೆ

ಕೇಬಲ್ ಬದಲಿಸಲು, ಎಂ.2 ಸ್ಲಾಟ್ ಬದಲಿಸಲು ಕೈ ಹಾಕುವ ಮುನ್ನ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಲೋಹದ ಕ್ಯಾಬಿನೆಟ್ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದ ವಿದ್ಯುತ್ ಉಳಿದಿರುತ್ತದೆ. ಲ್ಯಾಪ್‌ಟಾಪ್ ಆದರೆ ಒಳಗಿನ ಬ್ಯಾಟರಿ ಕನೆಕ್ಟರ್ ತೆಗೆಯದೆ ಎಂ.2 ಮುಟ್ಟಬಾರದು, ಬ್ಯಾಟರಿ ಉಬ್ಬಿದ್ದು ಕಂಡರೆ ಮುಚ್ಚಿ ನೇರ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ವಾರಂಟಿ ಇರುವ ಲ್ಯಾಪ್‌ಟಾಪ್ ಆದರೂ ಅಲ್ಲಿ ಕೇಳಿಯೇ ಬಿಚ್ಚಿ.

ಎಂ.2 ಓರೆಯಾಗಿ ಒಳಹೋಗುತ್ತದೆ, ಆಮೇಲೆ ಬಾಗಿಸಿ ಸ್ಕ್ರೂ ಹಾಕಬೇಕು. ಹೋಗದಿದ್ದರೆ ಒತ್ತಬೇಡಿ, ಕಚ್ಚು ಹೊಂದುತ್ತಿಲ್ಲ. ಹಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಮುಚ್ಚಿಹೋಗುತ್ತವೆ. ಹೊಸದು ಹಾಕಿದ ಮೇಲೆ ಹಳೆಯ ಡಿಸ್ಕ್ ಕಾಣೆಯಾದರೆ ಅದು ಸತ್ತಿತೆಂದು ಭಾವಿಸದೆ ಬೋರ್ಡಿನ ಕೈಪಿಡಿ ನೋಡಿ ಬೇರೆ ಪೋರ್ಟ್‌ಗೆ ಸಿಕ್ಕಿಸಿ.

## "ಹಳೆಯ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದೆ, ಗೇಮ್ ಅರ್ಧಕ್ಕೇ ನಿಲ್ಲುತ್ತಿದೆ"

ಇಲ್ಲಿ ವೇಗದ ಮಾತು ಬಿಡಿ. ಲೋಡಿಂಗ್ ಒಂದೇ ಜಾಗದಲ್ಲಿ ಪ್ರತಿ ಸಲ ಸಿಕ್ಕಿಕೊಂಡರೆ, ಆ ಹೊತ್ತಿಗೆ ಡಿಸ್ಕ್ ತಾಳ ಹಾಕಿದ ಹಾಗೆ ಬಡಿದುಕೊಂಡರೆ ತಟ್ಟೆಯ ಒಂದು ಭಾಗ ಓದಲಾಗುತ್ತಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ `05`, `C5`, `C6` ಸಾಲುಗಳ ಕಚ್ಚಾ ಎಣಿಕೆ ಸೊನ್ನೆಯಲ್ಲದೆ ಏರುತ್ತಿದ್ದರೆ ಅದು ಸಾಯುವ ದಾರಿಯಲ್ಲಿದೆ.

ಆಗ ಕೆಲಸದ ಕ್ರಮ ಮುಖ್ಯ. ಮೊದಲು ಗೇಮ್ ಅಲ್ಲ, ಸೇವ್ ಫೈಲ್‌ಗಳನ್ನೂ ಮನೆಯ ಫೋಟೊಗಳನ್ನೂ ಬೇರೆಡೆಗೆ ನಕಲಿಸಿ. ಸೇವ್‌ಗಳು ಹೆಚ್ಚಾಗಿ `Documents`, `Saved Games`, `AppData` ಫೋಲ್ಡರ್‌ಗಳಲ್ಲಿರುತ್ತವೆ. ಗೇಮ್ ಅನ್ನು ಮತ್ತೆ ಡೌನ್‌ಲೋಡ್ ಮಾಡಬಹುದು, ಅದನ್ನು ಉಳಿಸಲು ಡಿಸ್ಕ್‌ನ ಕೊನೆಯ ಉಸಿರು ಖರ್ಚು ಮಾಡಬೇಡಿ. ನಕಲು ಮುಗಿಯುವ ಮುನ್ನ `chkdsk /r` ಓಡಿಸುವುದು ಬೇಡ: ಅದು ಇಡೀ ತಟ್ಟೆಯನ್ನು ಗಂಟೆಗಟ್ಟಲೆ ಕೆರೆಯುತ್ತದೆ, ಬಡಕಲು ಡಿಸ್ಕ್ ನಡುವೆಯೇ ನಿಂತುಹೋಗಬಹುದು. ಡಿಫ್ರ್ಯಾಗ್ ಕೂಡ ಇದೇ ಕಾರಣಕ್ಕೆ ಬೇಡ.

ಟಕ್ ಟಕ್ ಜೋರಾಗಿ, ವಿಂಡೋಸ್‌ಗೆ ಡಿಸ್ಕ್ ಒಮ್ಮೆ ಕಂಡು ಒಮ್ಮೆ ಕಾಣದಿದ್ದರೆ ಕಂಪ್ಯೂಟರ್ ಆರಿಸಿ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಮುಚ್ಚಳ ತೆರೆಯುವುದು, ಫ್ರಿಜ್‌ನಲ್ಲಿಡುವುದು, ತಟ್ಟಿ ನೋಡುವುದು ಇವು ಉಳಿದಿದ್ದನ್ನೂ ಕಳೆಯುವ ದಾರಿಗಳು. ಅದರಲ್ಲಿರುವುದು ಬರೀ ಗೇಮ್ ಆದರೆ ಡಿಸ್ಕ್ ಅನ್ನು ಅಲ್ಲಿಗೇ ಕೈಬಿಡಿ. ಮದುವೆ ಫೋಟೊ, ಅಂಗಡಿ ಲೆಕ್ಕದಂಥದ್ದು ಇದ್ದರೆ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆಯುವ ಡೇಟಾ ರಿಕವರಿಯವರ ಬಳಿ ಒಯ್ದು, ಕೆಲಸ ಶುರು ಮಾಡುವ ಮುನ್ನವೇ ಖರ್ಚು ಎಷ್ಟು, ಮಾಹಿತಿ ಸಿಗದಿದ್ದರೆ ಎಷ್ಟು ಕೊಡಬೇಕು ಎಂದು ಬರೆಸಿಕೊಳ್ಳಿ.